300 ಹಾಸಿಗೆ ಆಸ್ಪತ್ರೆಗೆ 750 ಕಿಲೋವ್ಯಾಟ್ ಟ್ರೈಜೆನ್ ಎಂಜಿನ್: ಅಳತೆ ಸರಿ ಐತಾ? (ಬಳ್ಳಾರಿ)

ಕೌಲ್‌ಬಜಾರ್_ಪ್ಲಾಂಟ್‌ರೂಮ್

ಬಳ್ಳಾರಿಯ 300 ಹಾಸಿಗೆಯ ಆಸ್ಪತ್ರೆ. ಪೈಪ್ ಗ್ಯಾಸ್ ಗೇಟಿನವರೆಗೆ ಬರುತ್ತದೆ ಎಂದು ಆಡಳಿತದವರು ಟ್ರೈಜೆನರೇಶನ್‌ಗೆ, ಅಂದರೆ ಒಂದೇ ಎಂಜಿನ್ನಿನಿಂದ ಕರೆಂಟು, ಶಾಖ, ಕೂಲಿಂಗ್ ಮೂರೂ ಪಡೆಯುವುದಕ್ಕೆ, ವರದಿ ಮಾಡಿಸಿದ್ದಾರೆ. ವರದಿ ಹೇಳುವುದು ಇಷ್ಟು: 750 ಕಿ.ವ್ಯಾ. ಗ್ಯಾಸ್ ಎಂಜಿನ್, ಅದರ ಶಾಖದಿಂದಲೇ ತಣ್ಣೀರು ಮಾಡುವ 250 ಟನ್ ವ್ಯಾಮ್ ಚಿಲ್ಲರ್. ಈಗಿರುವ ಎರಡು ಸ್ಕ್ರೂ ಚಿಲ್ಲರ್ ಸ್ಟ್ಯಾಂಡ್‌ಬೈ.

ವರ್ಷದ ಗಂಟೆವಾರು ಲೆಕ್ಕ ನಮ್ಮಲ್ಲಿದೆ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ಹೀಗೆ ಬರುತ್ತದೆ:

- ಗರಿಷ್ಠ: ಕರೆಂಟು 860 ಕಿ.ವ್ಯಾ., ಕೂಲಿಂಗ್ 340 ಟನ್
- 4,000 ಗಂಟೆ ಮೀರುವ ಮಟ್ಟ: 520 ಕಿ.ವ್ಯಾ., 190 ಟನ್
- 7,000 ಗಂಟೆ ಮೀರುವ ಮಟ್ಟ: 400 ಕಿ.ವ್ಯಾ., 110 ಟನ್
- ಕನಿಷ್ಠ: 310 ಕಿ.ವ್ಯಾ., 70 ಟನ್

ಬಿಸಿನೀರು ದಿನಕ್ಕೆ 24,000 ಲೀಟರ್, 60 ಡಿಗ್ರಿಗೆ. ಸ್ಟೀಮ್ ಗಂಟೆಗೆ 250 ಕೆ.ಜಿ., ಲಾಂಡ್ರಿ ಮತ್ತು ಉಪಕರಣ ಸ್ಟೆರಿಲೈಸ್ ಮಾಡುವ ಸಿಎಸ್‌ಎಸ್‌ಡಿ ನಡೆಯುವ 9 ಗಂಟೆ ಮಾತ್ರ, ಬೆಳಿಗ್ಗೆ 7ರಿಂದ ಸಂಜೆ 4. ಈಗ ಡೀಸೆಲ್ ಬಾಯ್ಲರ್. ಚಿಲ್ಲರ್, ಪಂಪು, ಟವರ್ ಎಲ್ಲ ಸೇರಿ ಟನ್ನಿಗೆ 0.8 ಕಿ.ವ್ಯಾ. ಬೀಳುತ್ತದೆ.

750 ಹೇಗೆ ಬಂತು ಎಂದರೆ ಪೀಕ್‌ನ ಶೇಕಡಾ 87 ಅಂತೆ. ಇದು ಸರಿಯಾದ ದಾರಿಯಾ?

ಶಕ್ತಿನಗರ_ಶಿಫ್ಟ್‌ಬಿ

ಪೀಕ್ ನೋಡಿ ಎಂಜಿನ್ ತಗೊಂಡ್ರೆ ಮುಗೀತು ನೋಡ್ರಿ. ವರ್ಷಕ್ಕೆ ನೂರು ತಾಸು ಬರೋ ಲೋಡಿಗೆ ಮಷೀನ್ ಯಾಕ ಬೇಕು? ಅಷ್ಟು ಹೊತ್ತು ಗ್ರಿಡ್‌ನಿಂದ ಎಳಕೊಳ್ರಿ. ಕರ್ವ್‌ನಾಗ 6,000 ತಾಸಿನ ಗೆರಿ ಎಲ್ಲಿ ಮುಟ್ಟತೈತಿ, ಅದೇ ಎಂಜಿನ್ ಸೈಜು. ನಿಮ್ಮ ಲೆಕ್ಕಕ್ಕ 450ರ ಹತ್ರ.

ಗ್ಯಾಸ್ ಎಂಜಿನ್ ಒಂದು ಕಿಲೋವ್ಯಾಟ್ ಕರೆಂಟಿಗೆ 1.1 ಕಿಲೋವ್ಯಾಟ್ ಶಾಖ ಕೊಡತೈತಿ. 450ಕ್ಕ 495. ಸಿಂಗಲ್ ಎಫೆಕ್ಟ್ ವ್ಯಾಮ್‌ಗ 0.7 ಸಿಒಪಿ, ಅಂದ್ರ ಹಾಕಿದ ಒಂದು ಪಾಲು ಶಾಖಕ್ಕ 0.7 ಪಾಲು ಕೂಲಿಂಗ್, ಹಿಡಿದ್ರ ಹತ್ತಿರ ಹತ್ತಿರ 100 ಟನ್. ಅದಕ್ಕ 450 ಎಂಜಿನ್, 100 ಟನ್ ವ್ಯಾಮ್. 250 ಟನ್ ಅನ್ನೋದು ಎಲ್ಲಿಂದ ಬಂತೋ. ಅದಕ್ಕ 1,250 ಕಿಲೋವ್ಯಾಟ್ ಶಾಖ ಬೇಕು, 750 ಎಂಜಿನ್ ಕೊಡೋದು 825.

ಹಗರಿ_ದಂಡೆ

ಪೀಕ್ ಬಿಡಬೇಕು ಎನ್ನುವುದು ಸರಿ, 250 ಟನ್ನಿನ ಲೆಕ್ಕವೂ ಸರಿ. ಆದರೆ ಶಕ್ತಿನಗರ ಸರ್, ನೀವು ಗೆರೆ ಎಳೆದ ಕರ್ವ್ ಇವತ್ತಿನದು. ಅದರೊಳಗೆ ಸ್ಕ್ರೂ ಚಿಲ್ಲರ್ ತಿನ್ನುವ ಕರೆಂಟು ಸೇರಿಕೊಂಡಿದೆ. ವ್ಯಾಮ್ ಓಡಿದ ಕ್ಷಣ ಆ ಕರೆಂಟಿನ ಒಂದು ಪಾಲು ಹೋಗುತ್ತದೆ, ಎಂಜಿನ್ ಹೊರಬೇಕಾದ ಲೋಡೇ ಇಳಿಯುತ್ತದೆ. ಎಂಜಿನ್ ದೊಡ್ಡದಾದಷ್ಟೂ ತನ್ನ ಲೋಡನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಟ್ರೈಜೆನ್ ವರದಿಗಳಲ್ಲಿ ಅತಿ ಹೆಚ್ಚು ತಪ್ಪುವ ಜಾಗ ಇದು.

ಹಾಗಾಗಿ ಮೊದಲು ಪ್ರತಿ ಗಂಟೆಗೂ ಚಿಲ್ಲರ್ ಕರೆಂಟು ಕಳೆದು ಉಳಿದದ್ದನ್ನು ಬೇರೆ ತೆಗೆಯಿರಿ, ಅದು E0. ಕೂಲಿಂಗ್ ಟನ್ C. ನೇರ ಶಾಖ, ಅಂದರೆ ಬಿಸಿನೀರು ಮತ್ತು ಸ್ಟೀಮ್, ಕಿಲೋವ್ಯಾಟ್‌ನಲ್ಲಿ H. ವ್ಯಾಮ್‌ಗೂ ಪಂಪು, ದೊಡ್ಡ ಟವರ್ ಬೇಕು; ಟನ್ನಿಗೆ 0.25 ಇಡಿ. ಹಾಗಾದರೆ ಸ್ಕ್ರೂನಿಂದ ವ್ಯಾಮ್‌ಗೆ ಒಂದು ಟನ್ ಸರಿಸಿದರೆ ಉಳಿಯುವುದು 0.8 ಅಲ್ಲ, 0.55. ಎಂಜಿನ್ನಿನ ಶಾಖವೆಲ್ಲ ಬಳಕೆಯಾಗಿ, ಗ್ರಿಡ್‌ನಿಂದ ಏನೂ ಬರದೆ ಸರಿತೂಗುವ ಹೊರೆ:

```
P = (E0 + 0.80*C + 0.109*H) / 1.12
```

0.109 ಎಂದರೆ 0.7 / 3.517 * 0.55. ಅದನ್ನು ಎಂಜಿನ್ನಿನ 1.1 ಅನುಪಾತದಿಂದ ಗುಣಿಸಿ ಒಂದು ಕೂಡಿಸಿದರೆ ಕೆಳಗಿನ 1.12.

ನಿಮ್ಮ 4,000 ಗಂಟೆಯ ಸಾಲಿನಲ್ಲಿ E0 ಸುಮಾರು 370, H 100 ಹಿಡಿದರೆ P 476. 7,000ದ ಸಾಲಿನಲ್ಲಿ E0 310, H 40, ಆಗ 359. ಕನಿಷ್ಠದಲ್ಲಿ 277. ಇದನ್ನು ಸಾಲುಗಳ ಮೇಲಲ್ಲ, 8,760 ಗಂಟೆಗೂ ಬೇರೆಬೇರೆಯಾಗಿ ಹಾಕಿ, ಬಂದ P ಗಳನ್ನು ಆಮೇಲೆ ಜೋಡಿಸಿ. ಮೇಲೆ ನಾನು ಸಾಲುಗಳನ್ನೇ ಬಳಸಿದ್ದು ಹೊರಗಿನ ಅಂದಾಜಿಗೆ. ಜೋಡಿಸಿದ ಮೇಲೆ ಕರ್ವ್‌ಗೆ ಗಂಟೆ ನೆನಪಿರುವುದಿಲ್ಲ. ಕರೆಂಟಿನ ನೂರನೇ ಗಂಟೆ ಮೇ ತಿಂಗಳ ಮಧ್ಯಾಹ್ನ ಇರಬಹುದು, ಸ್ಟೀಮಿನ ನೂರನೇ ಗಂಟೆ ಡಿಸೆಂಬರ್ ಬೆಳಗು. ಎರಡನ್ನೂ ಒಂದೇ ಗೆರೆಯಲ್ಲಿ ಓದಿದರೆ ಇಲ್ಲದ ಹೊಂದಾಣಿಕೆ ಕಾಣುತ್ತದೆ.

ಹೀಗೆ ನೋಡಿದರೆ 400 ಕಿ.ವ್ಯಾ. ಹೆಸರುಫಲಕದ ಎಂಜಿನ್, 75–80 ಟನ್ ವ್ಯಾಮ್. ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ ಎಂಜಿನ್ ಎಳೆಯುವ ಗಾಳಿಯೇ 42–45 ಡಿಗ್ರಿ ಇರುತ್ತದೆ, 400 ಎಂದದ್ದು ಪೂರ್ತಿ 400 ಕೊಡುವುದಿಲ್ಲ. ತಯಾರಕರ ಡಿರೇಟಿಂಗ್ ಕರ್ವ್ 45ಕ್ಕೆ ಕೇಳಿ ತೆಗೆದುಕೊಳ್ಳಿ. ನಾನು ಮುಂದಿನ ಲೆಕ್ಕಕ್ಕೆ 380 ಹಿಡಿಯುತ್ತೇನೆ.

ಕೌಲ್‌ಬಜಾರ್_ಪ್ಲಾಂಟ್‌ರೂಮ್

ಮೇಡಂ, ಹಾಗಾದರೆ 750 ತಗೊಂಡು ಕಡಿಮೆ ಲೋಡಿನಲ್ಲಿ ಓಡಿಸಿದರೆ ಏನು ತೊಂದರೆ? ಮುಂದೆ ಹೊಸ ಬ್ಲಾಕ್ ಬರುತ್ತದೆ ಎನ್ನುತ್ತಾರೆ.

ಹಗರಿ_ದಂಡೆ

ಗ್ಯಾಸ್ ಎಂಜಿನ್ನನ್ನು ಅರ್ಧ ಲೋಡಿನ ಕೆಳಗೆ ದಿನಗಟ್ಟಲೆ ಓಡಿಸಲು ತಯಾರಕರು ಒಪ್ಪುವುದಿಲ್ಲ. 750ರ ಅರ್ಧ 375. ನಿಮ್ಮ ಹೊಸ ಕರ್ವ್ 7,000 ಗಂಟೆಗೇ 359ಕ್ಕೆ ಇಳಿದಿದೆ, ಅಂದರೆ ವರ್ಷದಲ್ಲಿ ಸುಮಾರು 2,000 ಗಂಟೆ ಎಂಜಿನ್ ನಿಲ್ಲಿಸಬೇಕು. ಅವೆಲ್ಲ ರಾತ್ರಿ ಮತ್ತು ಚಳಿಗಾಲ. ದಿನಕ್ಕೊಮ್ಮೆ ನಿಂತು ಹೊರಟರೆ ಸ್ಪಾರ್ಕ್ ಪ್ಲಗ್ಗು, ಟರ್ಬೊ ಬೇಗ ಸವೆಯುತ್ತವೆ. ಕಡಿಮೆ ಲೋಡಿನಲ್ಲಿ ಎಣ್ಣೆ ಮೇಲಕ್ಕೆ ಬಂದು ಸಿಲಿಂಡರ್ ತಲೆಯಲ್ಲಿ ಬೂದಿ ಕಟ್ಟುತ್ತದೆ, ಆಮೇಲೆ ನಾಕಿಂಗ್ ಅಲಾರ್ಮ್ ಶುರು. 400ರ ಅರ್ಧ 200, ನಿಮ್ಮ ಕನಿಷ್ಠ 277. ನಿಲ್ಲಿಸುವ ಪ್ರಶ್ನೆಯೇ ಬರುವುದಿಲ್ಲ.

ಹೊಸ ಬ್ಲಾಕ್ ಬಂದಾಗ ಎರಡನೇ ಎಂಜಿನ್ ಇಡಿ. ಅದಕ್ಕೆ ಅಡಿಪಾಯ, ಪೈಪಿನ ಹೆಡರ್ ಬಿಟ್ಟಿರಿ ಸಾಕು.

ಕುಷ್ಟಗಿ_ನರ್ಸಿಂಗ್‌ಹೋಮ್

ನಮ್ಮದು 50 ಹಾಸಿಗಿ. ಕರೆಂಟು ಹೋದಾಗ ಡಿಜಿ ಡೀಸೆಲ್ ಖರ್ಚು ಭಾಳ ಆಗ್ತೈತಿ. ಈ ಗ್ಯಾಸ್ ಎಂಜಿನ್ ಇಟ್ಟರ ಡಿಜಿ ತೆಗೆದುಹಾಕಬಹುದೇನ್ರಿ? ಎಷ್ಟು ಕೆವಿಎ ತಗೋಬೇಕು?

ಹಗರಿ_ದಂಡೆ

ಇಲ್ಲಿ ಚರ್ಚೆ ಬೇರೆ ರೀ, ಆದರೂ ಹೇಳಿಬಿಡುತ್ತೇನೆ: ಡಿಜಿ ತೆಗೆಯಬೇಡಿ. ಡೀಸೆಲ್ ಸೆಟ್ಟು ನಿಂತಲ್ಲಿಂದ ಹತ್ತು-ಹದಿನೈದು ಸೆಕೆಂಡಿನಲ್ಲಿ ಲೋಡ್ ಹೊರುತ್ತದೆ, ಒಮ್ಮೆಗೆ ದೊಡ್ಡ ಪಾಲು ಎತ್ತುತ್ತದೆ. ಗ್ಯಾಸ್ ಎಂಜಿನ್ ಮೆಟ್ಟಿಲು ಮೆಟ್ಟಿಲಾಗಿ ತಗೊಳ್ಳುತ್ತದೆ. ಲಿಫ್ಟು, ಒಟಿಯ ಎಎಚ್‌ಯು ಒಟ್ಟಿಗೆ ಬಿದ್ದರೆ ಫ್ರೀಕ್ವೆನ್ಸಿ ಕುಸಿದು ಟ್ರಿಪ್. 50 ಹಾಸಿಗೆಗೆ ನೇರ ಶಾಖದ ಬೇಡಿಕೆಯೂ ಅಷ್ಟಿರುವುದಿಲ್ಲ. ಬಿಸಿನೀರಿಗೆ ಸೋಲಾರ್ ಹಾಕಿದರೆ ನಿಮ್ಮ ಕೆಲಸ ಮುಗಿಯಿತು.

ಶಕ್ತಿನಗರ_ಶಿಫ್ಟ್‌ಬಿ

ಮೇಡಂ, ಚಿಲ್ಲರ್ ಕಳೆಯೋ ಮಾತು ಒಪ್ಪಿದೆ. ಆದ್ರ ಉತ್ತರ ಏನ್ ಭಾಳ ಬದಲಾಗ್ಲಿಲ್ಲ, 450 ಇದ್ದದ್ದು 400. ಇನ್ನೊಂದು, ಶಾಖ-ವಿದ್ಯುತ್ ಅನುಪಾತ. ಆಸ್ಪತ್ರಿದು ತೆಗೆದು ನೋಡ್ರಿ: ಕೂಲಿಂಗ್ ಎಲ್ಲಾ ವ್ಯಾಮ್ ಮೇಲೆ ಹಾಕಿದ್ರ 190 ಟನ್ನಿಗೆ 950 ಕಿಲೋವ್ಯಾಟ್ ಶಾಖ, ಮ್ಯಾಲ ನೂರು. 370ಕ್ಕ 1,050, ಅನುಪಾತ 2.8. ಎಂಜಿನ್ನಿಂದು 1.1. ಶಾಖ ಯಾವತ್ತೂ ವೇಸ್ಟ್ ಆಗಂಗಿಲ್ಲ. ಅಂದ್ರ ಕರೆಂಟ್ ನೋಡಿ ಸೈಜ್ ಮಾಡಿದ್ರ ಸಾಕು, ಶಾಖದ ಕರ್ವ್ ನೋಡೋದೇ ಬೇಡ.

ದೇವದುರ್ಗ_ಲೆಡ್ಜರ್

ಶಾಖ ವೇಸ್ಟ್ ಆಗಲ್ಲ, ನಿಜ. ಆದರೆ ವೇಸ್ಟ್ ಆಗದ ಶಾಖಕ್ಕೆಲ್ಲ ಒಂದೇ ಬೆಲೆ ಇಲ್ಲ. ಇಡೀ ಚರ್ಚೆಯಲ್ಲಿ ಯಾರೂ ರೂಪಾಯಿ ಹಾಕಿ ನೋಡಿಲ್ಲ.

ಮೇಡಂ ಬರೆದ 0.109 ನೋಡಿ. ಒಂದು ಯೂನಿಟ್ ಶಾಖ ವ್ಯಾಮ್‌ಗೆ ಹೋದರೆ ಉಳಿಯುವ ಕರೆಂಟು 0.109 ಯೂನಿಟ್. ಕರೆಂಟು 8 ರೂಪಾಯಿ ಹಿಡಿದರೆ 88 ಪೈಸೆ. ಅದೇ ಒಂದು ಯೂನಿಟ್ ಶಾಖ ಸ್ಟೀಮ್ ಅಥವಾ ಬಿಸಿನೀರಿಗೆ ಹೋದರೆ? ಡೀಸೆಲ್ ಬಾಯ್ಲರ್ ಉಳಿಸಿದೆ ಎಂದು ಬರೆದರೆ ಹತ್ತು ರೂಪಾಯಿ ಮೀರುತ್ತದೆ. ವರದಿಗಳು ಹಾಗೇ ಬರೆಯುತ್ತವೆ, ಅದು ಮೋಸದ ಲೆಕ್ಕ. ಗ್ಯಾಸ್ ಗೇಟಿಗೆ ಬಂದ ಮೇಲೆ ಎಂಜಿನ್ ಇಲ್ಲದೆಯೂ ಬಾಯ್ಲರ್‌ಗೆ ಗ್ಯಾಸ್ ಬರ್ನರ್ ಹಾಕಬಹುದು. ಹಾಗಾಗಿ ಹೋಲಿಸಬೇಕಾದದ್ದು ಗ್ಯಾಸ್ ಬಾಯ್ಲರ್ ಜೊತೆ. ಒಂದು ಘನ ಮೀಟರಿನಲ್ಲಿ 9.6 ಯೂನಿಟ್ ಶಾಖ, ಬಾಯ್ಲರ್ ದಕ್ಷತೆ 88, ಗ್ಯಾಸ್ 50 ರೂಪಾಯಿ ಎಂದುಕೊಂಡರೆ ಯೂನಿಟ್ಟಿಗೆ 5.90.

88 ಪೈಸೆ ಒಂದು ಕಡೆ, 5.90 ಇನ್ನೊಂದು ಕಡೆ. ಈಗ ನೇರ ಬಳಕೆ ಎಷ್ಟಿದೆ ನೋಡಿ. 24,000 ಲೀಟರ್‌ಗೆ 32 ಡಿಗ್ರಿ ಏರಿಕೆ: ದಿನಕ್ಕೆ 890 ಯೂನಿಟ್. 250 ಕೆ.ಜಿ. ಸ್ಟೀಮ್ ಎಂದರೆ ಸುಮಾರು 165 ಕಿ.ವ್ಯಾ., 9 ಗಂಟೆಗೆ 1,485. ಒಟ್ಟು 2,375. 380ರಲ್ಲಿ ಹಗಲೂ ರಾತ್ರಿ ಓಡಿದರೆ ಎಂಜಿನ್ ಕೊಡುವ ಶಾಖ 10,000. ನಾಲ್ಕರಲ್ಲಿ ಮೂರು ಪಾಲು 88 ಪೈಸೆಯ ಕೆಲಸಕ್ಕೆ ಹೋಗುತ್ತಿದೆ.

ಎಂಜಿನ್ನಿನ ಕರೆಂಟಿಗೆ ಬೆಲೆ: ಶೇ. 39 ದಕ್ಷತೆಯಲ್ಲಿ ಘನ ಮೀಟರಿಗೆ 3.74 ಯೂನಿಟ್. 50 ರೂಪಾಯಿ ಗ್ಯಾಸಿಗೆ 13.40, ಮೇಂಟೆನೆನ್ಸ್ ಒಂದೂವರೆ, ಒಟ್ಟು 14.90. ಶಾಖದ ಉಳಿತಾಯ 2.30 ಕಳೆದರೂ 12.60. ಗ್ರಿಡ್ 8. ನಷ್ಟ. 24 ಗಂಟೆ ಓಡಿಸಿ ಸರಿಸಮ ಆಗಬೇಕಾದರೆ ಗ್ಯಾಸ್ 31 ರೂಪಾಯಿಗೆ ಸಿಗಬೇಕು. 8, 50, 1.50 ಈ ಮೂರೂ ನಾನು ಹಿಡಿದ ಅಂಕಿ, ನಿಮ್ಮ ಜೆಸ್ಕಾಂ ಬಿಲ್ಲು, ಗ್ಯಾಸ್ ಕರಾರು ನೋಡಿ ಬದಲಿಸಿ. ವ್ಯಾಮ್‌ಗೆ ಹೋದ ಶಾಖಕ್ಕೂ ನೇರ ಬಳಕೆಯ ಶಾಖಕ್ಕೂ ಬೆಲೆಯಲ್ಲಿ ದೊಡ್ಡ ಅಂತರ ಮಾತ್ರ ಆಗಲೂ ಉಳಿಯುತ್ತದೆ.

ಗಂಗಾವತಿ_ಭತ್ತ

ಅಣ್ಣಾರ, ಅಷ್ಟೆಲ್ಲಾ ಯಾಕ? ನಮ್ಮ ಕಡೆ ರೈಸ್ ಮಿಲ್ಲಿನಾಗ ಭತ್ತದ ಹೊಟ್ಟಿನ ಬಾಯ್ಲರ್ ಅದಾವು. ಹೊಟ್ಟು ಕೆ.ಜಿ.ಗೆ 5 ರೂಪಾಯಿ ಹಿಡೀರಿ, ಎರಡೂವರಿ ಯೂನಿಟ್ ಶಾಖ ಬರತೈತಿ. ಯೂನಿಟ್ಟಿಗೆ 2 ರೂಪಾಯಿ. ಅದರ ಸ್ಟೀಮ್ ಮ್ಯಾಲ ವ್ಯಾಮ್ ಓಡಸ್ರಿ, ಎಂಜಿನ್ನೇ ಬೇಡ.

ದೇವದುರ್ಗ_ಲೆಡ್ಜರ್

ಲಾಂಡ್ರಿ, ಸಿಎಸ್‌ಎಸ್‌ಡಿಗೆ ಹೊಟ್ಟಿನ ಸ್ಟೀಮ್ ಒಳ್ಳೆಯದೇ, 5.90 ಬದಲು 2. ಆದರೆ ಸಿಂಗಲ್ ಎಫೆಕ್ಟ್ ವ್ಯಾಮ್‌ಗೆ 2 ರೂಪಾಯಿ ಶಾಖ ಹಾಕಿ 88 ಪೈಸೆ ಉಳಿಸಿದಂತಾಗುತ್ತದೆ. 8 ಬಾರ್ ಸ್ಟೀಮಿನ ಡಬಲ್ ಎಫೆಕ್ಟ್‌ಗೆ ಸಿಒಪಿ 1.3 ಸಿಕ್ಕರೂ ಉಳಿಸುವುದು 1.60ರ ಹತ್ತಿರ, ಅಲ್ಲೂ ಲಾಭ ಉಳಿಯಲ್ಲ. ಮತ್ತೆ ಬೂದಿ. ಎನ್‌ಐಸಿಯು ಕಿಟಕಿಯ ಪಕ್ಕ ಹೊಟ್ಟಿನ ಬೂದಿ ಹಾರುವ ಬಾಯ್ಲರ್ ಯಾರು ಒಪ್ಪುತ್ತಾರೆ ಹೇಳಿ.

ಗಂಗಾವತಿ_ಭತ್ತ

ಬ್ಯಾಗ್ ಫಿಲ್ಟರ್ ಹಾಕಿದ್ರ ಬೂದಿ ಹಾರಂಗಿಲ್ಲ ಬಿಡ್ರಿ. ಹೊಟ್ಟು ತೇವ ಇದ್ದಾಗ ಹೊಗಿ ಬರೋದು ಮಾತ್ರ ಖರೆ.

ಹಗರಿ_ದಂಡೆ

ಲೆಡ್ಜರ್ ಅವರ ಲೆಕ್ಕ ಸರಿ. ಆದರೆ ಶಾಖವನ್ನು ಒಂದೇ ರಾಶಿಯಾಗಿ ಎಣಿಸಿದ್ದಾರೆ, ಶಕ್ತಿನಗರ ಸರ್ ಕೂಡ. 1.1ರಲ್ಲಿ ಅರ್ಧ ಎಂಜಿನ್ ತಣ್ಣಗಿಡುವ ಜಾಕೆಟ್ ನೀರಿನದು, 90 ಡಿಗ್ರಿ. ಅದರಿಂದ ಸ್ಟೀಮ್ ಆಗುವುದಿಲ್ಲ. ಆಟೋಕ್ಲೇವ್ 134 ಡಿಗ್ರಿ ಕೇಳುತ್ತದೆ, ಕ್ಯಾಲೆಂಡರ್ ಇಸ್ತ್ರಿ ಅದಕ್ಕಿಂತ ಮೇಲೆ. ಸ್ಟೀಮ್ ಎಕ್ಸಾಸ್ಟ್‌ನಿಂದಲೇ ಬರಬೇಕು. ಎಕ್ಸಾಸ್ಟನ್ನು 180 ಡಿಗ್ರಿಯ ಕೆಳಗೆ ಇಳಿಸಿ 7–8 ಬಾರ್ ಸ್ಟೀಮ್ ಮಾಡಲಾಗುವುದಿಲ್ಲ, ಹಾಗಾಗಿ ಕಿಲೋವ್ಯಾಟಿಗೆ 0.45 ಸಿಕ್ಕರೆ ಪುಣ್ಯ. 165 ಕಿ.ವ್ಯಾ. ಸ್ಟೀಮಿಗೆ 367 ಕಿ.ವ್ಯಾ. ಎಂಜಿನ್ ಬೇಕು. ನೇರ ಶಾಖ ಸರಾಸರಿ 100 ಕಿ.ವ್ಯಾ. ಇದೆ ಎಂದು 90ರ ಚಿಕ್ಕ ಎಂಜಿನ್ ಇಟ್ಟರೆ ಅದು ಗಂಟೆಗೆ ಅರವತ್ತು ಕೆ.ಜಿ. ಆಸುಪಾಸು ಸ್ಟೀಮ್ ಅಷ್ಟೇ ಕೊಡುತ್ತದೆ.

ಅದಕ್ಕೆ ನನ್ನ ಸಲಹೆ: 400ನ್ನೇ ಇಡಿ, ಗಂಟೆಗಳನ್ನು ಕತ್ತರಿಸಿ. ಲಾಂಡ್ರಿ ನಡೆಯುವ 7ರಿಂದ 4 ಮಾತ್ರ ಓಡಿಸಿ. ಆ 9 ಗಂಟೆಯ ಶಾಖ 3,760 ಯೂನಿಟ್. ಸ್ಟೀಮ್ ಪೂರ್ತಿ ಎಕ್ಸಾಸ್ಟ್‌ನಿಂದ, ಬಿಸಿನೀರು ದಿನದ್ದೆಲ್ಲ ಜಾಕೆಟ್‌ನಿಂದ ಮಾಡಿ 12,000 ಲೀಟರ್ ತೊಟ್ಟಿಯಲ್ಲಿ 75 ಡಿಗ್ರಿಗೆ ಇಟ್ಟುಕೊಳ್ಳಿ. ನೇರ ಬಳಕೆಯ ಪಾಲು 24ರಿಂದ 63 ಶೇಕಡಾಕ್ಕೆ ಏರುತ್ತದೆ. ಲೆಡ್ಜರ್ ಅವರ ಅಂಕಿಗಳಲ್ಲೇ ಸರಿಸಮದ ಗ್ಯಾಸ್ ಬೆಲೆ 31ರಿಂದ 37ಕ್ಕೆ ಬರುತ್ತದೆ. ದಿನಾ ಒಂದು ಸ್ಟಾರ್ಟ್ ಆಗುತ್ತದೆ, ಅದರ ಸವೆತ ಒಪ್ಪಿಕೊಳ್ಳಬೇಕು. 750 ಇಟ್ಟು ಲೋಡಿಲ್ಲದೆ ನಿಲ್ಲಿಸುವುದಕ್ಕೂ ಇದಕ್ಕೂ ವ್ಯತ್ಯಾಸ ಏನೆಂದರೆ ಇಲ್ಲಿ ಓಡುವಷ್ಟು ಹೊತ್ತೂ ಪೂರ್ತಿ ಲೋಡು.

ದೇವದುರ್ಗ_ಲೆಡ್ಜರ್

37 ಆದರೂ 50 ಅಲ್ಲ.

ಹಗರಿ_ದಂಡೆ

ಅಲ್ಲ. ಗ್ಯಾಸ್ 50 ಇದ್ದರೆ ಎಂಜಿನ್ ಬೇಡ, ಬಾಯ್ಲರ್‌ಗೆ ಬರ್ನರ್ ಹಾಕಿ ಸುಮ್ಮನಿರಿ. ಎಂಜಿನ್ ತಗೊಳ್ಳುವುದಾದರೆ ಎಷ್ಟು ದೊಡ್ಡದು ಎನ್ನುವುದಕ್ಕಷ್ಟೇ ನನ್ನ ಉತ್ತರ.

ಶಕ್ತಿನಗರ_ಶಿಫ್ಟ್‌ಬಿ

ಹಗಲು ಮಾತ್ರ ಓಡಿಸಿದ್ರ ವ್ಯಾಮ್‌ಗ ಉಳಿಯೋದು 1,400 ಯೂನಿಟ್, ತಾಸಿಗೆ ಒಂದೂವರಿ ನೂರು. ಅದರಾಗ 90 ಡಿಗ್ರಿ ನೀರಿಂದು ನೂರಾ ಹತ್ತು ಅಷ್ಟೇ. ಅದಕ್ಕ 20–25 ಟನ್. ಅಷ್ಟಕ್ಕ ವ್ಯಾಮ್ ಯಾಕ್ರಿ? ಇದು ಟ್ರೈಜೆನ್ ಅಲ್ಲ, ಬರೇ ಕೋಜೆನ್ ಆಯ್ತು.

ಹಗರಿ_ದಂಡೆ

ಆ ಪ್ರಶ್ನೆ ನ್ಯಾಯವಾದದ್ದೇ. ವ್ಯಾಮ್ ಬಿಟ್ಟರೆ ಆ ಶಾಖ ಡಂಪ್ ರೇಡಿಯೇಟರ್‌ಗೆ ಹೋಗುತ್ತದೆ. ರೇಡಿಯೇಟರ್ ಹೇಗಿದ್ದರೂ ಬೇಕು, ಅದೂ 47 ಡಿಗ್ರಿ ಗಾಳಿಗೆ ಅಳೆದದ್ದು, ಏಕೆಂದರೆ ವ್ಯಾಮ್ ಟ್ರಿಪ್ ಆದಾಗ ಜಾಕೆಟ್ ನೀರು ತಣ್ಣಗಾಗದೆ ಎಂಜಿನ್ನೂ ಬೀಳುತ್ತದೆ. ನನ್ನ ಮಟ್ಟಿಗೆ 25 ಟನ್ನಿನ ವ್ಯಾಮ್ ಇಡುವುದಕ್ಕಿಂತ ಬಿಡುವುದೇ ಮೇಲು. ಬೇರೆಯವರಿಗೆ ಬೇರೆ ಅನಿಸಬಹುದು.

ಇಡುವುದಾದರೆ ಎರಡು ವಿಷಯ. ಮೊದಲನೆಯದು ನೀರು. ಸಿಂಗಲ್ ಎಫೆಕ್ಟ್ ಒಂದು ಟನ್ನಿಗೆ ಟವರ್‌ಗೆ ತಳ್ಳುವ ಶಾಖ ಸ್ಕ್ರೂನ ಎರಡು ಪಟ್ಟು. 80 ಟನ್ನಿಗೆ ಆವಿ, ಬ್ಲೋಡೌನ್ ಸೇರಿ ಗಂಟೆಗೆ ಸಾವಿರ ಲೀಟರ್ ದಾಟುತ್ತದೆ. ಈ ಕಡೆಯ ಬೋರ್ ನೀರಿನ ಗಡಸುತನಕ್ಕೆ ಸಾಫ್ಟ್‌ನರ್ ಇಲ್ಲದೆ ಹೋದರೆ ಒಂದೇ ಬೇಸಿಗೆಯಲ್ಲಿ ಅಬ್ಸಾರ್ಬರ್ ಟ್ಯೂಬಿನೊಳಗೆ ಬಿಳಿ ಪದರ ಕಟ್ಟುತ್ತದೆ. ಗೊತ್ತಾಗುವುದು ಹೇಗೆಂದರೆ, ಬಿಸಿನೀರು 90ರಲ್ಲೇ ಬರುತ್ತಿದ್ದರೂ ಚಿಲ್ಡ್ ವಾಟರ್ 7ರ ಬದಲು 9, 10ಕ್ಕೆ ನಿಲ್ಲುತ್ತದೆ. ಆಪರೇಟರ್ ಎಂಜಿನ್ ಬೈಯುತ್ತಾನೆ, ತಪ್ಪು ಟವರಿನದು.

ಎರಡನೆಯದು ಕರೆಂಟು ಹೋಗುವುದು. ವ್ಯಾಮ್ ನಿಲ್ಲಿಸುವಾಗ ದ್ರಾವಣ ತೆಳುವಾಗುವವರೆಗೆ ಪಂಪು ಓಡಬೇಕು. ಅಷ್ಟರಲ್ಲಿ ಕರೆಂಟು ಕಡಿದರೆ ಲಿಥಿಯಂ ಬ್ರೋಮೈಡ್ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಹರಳುಗಟ್ಟುತ್ತದೆ. ಸೊಲ್ಯೂಶನ್ ಪಂಪನ್ನು ಡಿಜಿಯ ಎಮರ್ಜೆನ್ಸಿ ಬಸ್ ಮೇಲೆ ಹಾಕಿಸಿ. ವರದಿಯ ಸಿಂಗಲ್ ಲೈನ್ ಡಯಾಗ್ರಾಮ್‌ನಲ್ಲಿ ಅದು ಯಾವ ಬಸ್ ಮೇಲಿದೆ ನೋಡಿ.

ಕೌಲ್‌ಬಜಾರ್_ಪ್ಲಾಂಟ್‌ರೂಮ್

ಡಯಾಗ್ರಾಮ್‌ನಲ್ಲಿ ನಾರ್ಮಲ್ ಬಸ್ ಮೇಲಿದೆ, ಈಗಷ್ಟೇ ನೋಡಿದೆ. ಇನ್ನೊಂದು ಹೇಳುವುದಿತ್ತು: ಚಾವಣಿಯ ಮೇಲೆ 250 ಕಿ.ವ್ಯಾ. ಸೋಲಾರ್ ಟೆಂಡರ್ ಆಗಿದೆ. ಅದು ಈ ಲೆಕ್ಕದಲ್ಲಿಲ್ಲ.

ದೇವದುರ್ಗ_ಲೆಡ್ಜರ್

ಅದನ್ನೇ ಮೊದಲು ಹೇಳಬೇಕಿತ್ತಲ್ಲ ರೀ! ಸೋಲಾರ್ ಕೊಡುವುದೂ ಹಗಲು, ಮೇಡಂ ಎಂಜಿನ್ ಓಡಿಸಿ ಎನ್ನುವುದೂ ಹಗಲು.

ಹಗರಿ_ದಂಡೆ

ಮಧ್ಯಾಹ್ನ 160 ಕಿ.ವ್ಯಾ. ಬಂತು ಎನ್ನಿ. E0 ಅಷ್ಟು ಇಳಿಯುತ್ತದೆ, 1.12ರಿಂದ ಭಾಗಿಸಿದರೆ P ಸುಮಾರು 143 ಕಡಿಮೆ. 476 ಇದ್ದದ್ದು 333. ಆಗ ಎಕ್ಸಾಸ್ಟ್ ಸ್ಟೀಮ್ 150ಕ್ಕೆ ನಿಲ್ಲುತ್ತದೆ, ಬೇಕಾದದ್ದು 165. ಬಾಯ್ಲರ್ ಸ್ವಲ್ಪ ಕೈಹಿಡಿಯಬೇಕು. ಬೇಸಿಗೆಯಲ್ಲಿ ಇದು ನಡೆಯುತ್ತದೆ. ಡಿಸೆಂಬರ್‌ನಲ್ಲಿ ಕೂಲಿಂಗೂ ಕಮ್ಮಿ, ಬಿಸಿಲು ಮಾತ್ರ ಚೆನ್ನಾಗಿರುತ್ತದೆ, ಆ ಮಧ್ಯಾಹ್ನಗಳೇ ಕಷ್ಟ. ಲಾಂಡ್ರಿಯನ್ನು ಬೆಳಿಗ್ಗೆ 5ರಿಂದ 10, ಮತ್ತೆ ಸಂಜೆ 4ರಿಂದ 8 ಎಂದು ಒಡೆಯಲಾದರೆ ಸೋಲಾರ್‌ಗೂ ಎಂಜಿನ್ನಿಗೂ ಜಗಳವಿಲ್ಲ, ಆದರೆ ದಿನಕ್ಕೆ ಎರಡು ಸ್ಟಾರ್ಟ್.

ಕೌಲ್‌ಬಜಾರ್_ಪ್ಲಾಂಟ್‌ರೂಮ್

ಲಾಂಡ್ರಿ ಗುತ್ತಿಗೆದಾರರ ಕೈಯಲ್ಲಿದೆ, ಶಿಫ್ಟ್ ಒಡೆಯಲು ಒಪ್ಪುವರೋ ಇಲ್ಲವೋ ಕೇಳಬೇಕು. ಗಂಟೆವಾರು ಹಾಳೆಯಲ್ಲಿ ಕೂಲಿಂಗ್ ಟನ್ ಬಿಟಿಯು ಮೀಟರಿನಿಂದ ಬಂದದ್ದು, ಅದನ್ನು ನಂಬಬಹುದಾ?

ಹಗರಿ_ದಂಡೆ

ಹೆಡರ್‌ನ ಸಪ್ಲೈ, ರಿಟರ್ನ್ ಅಂತರ ಎಷ್ಟಿದೆ ಮೊದಲು ನೋಡಿ. ರಾತ್ರಿ 2 ಡಿಗ್ರಿ ಮಾತ್ರ ಇದ್ದರೆ ಸೆನ್ಸರಿನ ಅರ್ಧ ಡಿಗ್ರಿ ತಪ್ಪು ಕಾಲು ಪಾಲು ಟನ್ ಏರುಪೇರು ಮಾಡುತ್ತದೆ. ಕನಿಷ್ಠ 70 ಟನ್ ಎನ್ನುವ ನಿಮ್ಮ ಅಂಕಿ ಅಲ್ಲೇ ಕೂತಿದೆ. ಅದೇ ಗಂಟೆಗಳ ಕಂಪ್ರೆಸರ್ ಕಿಲೋವ್ಯಾಟ್ ತೆಗೆದು 0.65ರಿಂದ ಭಾಗಿಸಿ ತಾಳೆ ಹಾಕಿ. ಕರೆಂಟಿನದು ಎಚ್‌ಟಿ ಮೀಟರಿನ ಲೋಡ್ ಸರ್ವೆಯಿಂದ ತಗೊಳ್ಳಿ. ಮೀಟರಿನ ಮೆಮೊರಿ ಕೆಲವೇ ವಾರದ್ದು, ತಿಂಗಳಿಗೊಮ್ಮೆ ಇಳಿಸಿಕೊಳ್ಳದಿದ್ದರೆ ಹಳೆಯದು ಅಳಿಸಿಹೋಗುತ್ತದೆ. ಎರಡೂ ಹಾಳೆಯ ಗಡಿಯಾರ ಒಂದೇ ಇದೆಯಾ ಎಂದೂ ನೋಡಿ, ಒಂದು ಗಂಟೆ ಹಿಂದೆಮುಂದೆ ಇದ್ದರೆ E0 ತೆಗೆಯುವಾಗ ಬೆಳಗಿನ 8ಕ್ಕೆ ಅರ್ಥವಿಲ್ಲದ ಗುಂಡಿ ಕಾಣಿಸುತ್ತದೆ.